ಲೇಖನದ ಕೆಳಗಿನ ಆ ಎರಡು ಸಾಲು

2020ರಲ್ಲಿ ಆಲಿವರ್ ಟೇಲರ್ ಎಂಬ ಯುವಕನ ಲೇಖನಗಳು ಇಸ್ರೇಲಿನ ಪತ್ರಿಕೆಗಳಲ್ಲಿ ಕಾಣಿಸಿಕೊಂಡವು. ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ಕಾಫಿ ಪ್ರಿಯ, ರಾಜಕೀಯದ ಹುಚ್ಚು: ಹೀಗಿತ್ತು ಆತನ ಪರಿಚಯ. ಜೊತೆಗೆ ನಗುಮುಖದ ಒಂದು ಫೋಟೊ. ಆತ ಲಂಡನ್ನಿನ ಒಬ್ಬ ಪ್ರಾಧ್ಯಾಪಕರು ಮತ್ತು ಅವರ ಪತ್ನಿಯನ್ನು ಭಯೋತ್ಪಾದಕರ ಬಗ್ಗೆ ಒಲವುಳ್ಳವರೆಂದು ಬರೆದ. ಪ್ರಾಧ್ಯಾಪಕರಿಗೆ ಅನುಮಾನ ಬಂತು. ಆ ಜಾಡು ಹಿಡಿದು ರಾಯಿಟರ್ಸ್ ಹುಡುಕಿದಾಗ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಅಂಥ ವಿದ್ಯಾರ್ಥಿಯೇ ಇರಲಿಲ್ಲ. ಫೋಟೊ ಕಂಪ್ಯೂಟರ್ ಸೃಷ್ಟಿಸಿದ ಮುಖವೆಂದು ತಜ್ಞರು ಹೇಳಿದರು. ಸಂಪಾದಕರಿಗೆ ಆತ ಪರಿಚಯವಾಗಿದ್ದು ಇಮೇಲ್ ಮೂಲಕ ಮಾತ್ರ.

ಆ ಪರಿಚಯವನ್ನು ಇನ್ನೊಮ್ಮೆ ಓದಿ ನೋಡಿ. ಪತ್ತೆ ಹಚ್ಚಬಹುದಾದ ಸಂಗತಿ ಅದರಲ್ಲಿ ಒಂದೇ, ವಿಶ್ವವಿದ್ಯಾಲಯದ ಹೆಸರು. ಸುಳ್ಳು ಸಿಕ್ಕಿಬಿದ್ದದ್ದೂ ಅಲ್ಲಿಯೇ. ಕಾಫಿ ಪ್ರೀತಿಯನ್ನು ಯಾವ ಕಚೇರಿಯಲ್ಲಿ ವಿಚಾರಿಸಲು ಸಾಧ್ಯ?

ಬೈಲೈನ್ ಎಂಬುದೇ ಮೂಲತಃ ಬರೆದವರನ್ನು ಹಿಡಿದು ಕೇಳುವುದಕ್ಕೆ ಇದ್ದದ್ದು. 1863ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ಜನರಲ್ ಜೋಸೆಫ್ ಹೂಕರ್ ತನ್ನ ಸೇನೆಯ ಜೊತೆಗಿದ್ದ ವರದಿಗಾರರಿಗೆಲ್ಲ ವರದಿಯಲ್ಲಿ ಹೆಸರು ಹಾಕಬೇಕೆಂದು ಆಜ್ಞೆ ಮಾಡಿದ. ಸೇನೆಯ ಗುಟ್ಟು ಬಯಲಾದರೆ ಯಾರನ್ನು ಹಿಡಿಯಬೇಕೆಂದು ಗೊತ್ತಿರಲಿ ಎಂಬುದು ಆತನ ಲೆಕ್ಕ. ಗೌರವಕ್ಕೆಂದು ಕೊಟ್ಟ ಹೆಸರಲ್ಲ ಅದು.

ಈಗ ನಮ್ಮ ಕಡೆ ಬರೋಣ. ಕನ್ನಡ ಪತ್ರಿಕೆಗಳಲ್ಲಿ ಲೇಖನದ ಕೆಳಗೆ ಹೆಚ್ಚಾಗಿ ಕಾಣುವುದು ಇಷ್ಟೇ: ‘ಲೇಖಕರು ಹಿರಿಯ ಪತ್ರಕರ್ತರು.’ ಹಿರಿಯರು ಸರಿ, ಯಾವುದರಲ್ಲಿ? ಮೂವತ್ತು ವರ್ಷ ಕ್ರೀಡಾ ಪುಟ ನೋಡಿಕೊಂಡವರು ಭತ್ತದ ಬೆಂಬಲ ಬೆಲೆಯ ಬಗ್ಗೆ ಬರೆದರೆ ಆ ಹಿರಿತನ ಓದುಗರ ಕೆಲಸಕ್ಕೆ ಬರುವುದಿಲ್ಲ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಿ. ಮಂಡ್ಯದ ವರದಿಗಾರ್ತಿಯೊಬ್ಬರು ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಹಳ್ಳಿಗಳಿಗೆ ನೀರು ಮುಟ್ಟದಿರುವ ಬಗ್ಗೆ ಬರೆದಿದ್ದಾರೆ. ಅವರು ಕಳಿಸಿದ ಪರಿಚಯ ಹೀಗಿದೆ: ‘ಪ್ರಶಸ್ತಿ ಪುರಸ್ಕೃತ ಪತ್ರಕರ್ತೆ. 12 ವರ್ಷಗಳ ಅಪಾರ ಅನುಭವ. ಸಾಹಿತ್ಯ, ಸಂಗೀತ, ಪ್ರವಾಸ ಆಸಕ್ತಿಯ ಕ್ಷೇತ್ರಗಳು.’

ಸಂಪಾದಕರು ಇದನ್ನು ಹೇಗೆ ತಿದ್ದುತ್ತಾರೆ? ಪ್ರಶಸ್ತಿ ಯಾವುದು, ಯಾವ ವರ್ಷ ಎಂದು ಕೇಳುತ್ತಾರೆ. ಅದು ಕಾಲೇಜು ದಿನಗಳ ಪ್ರಬಂಧ ಸ್ಪರ್ಧೆಯದ್ದಾದರೆ ತೆಗೆದುಹಾಕುತ್ತಾರೆ. ‘12 ವರ್ಷ’ ಎಂಬುದು ಮುಂದಿನ ವರ್ಷ ಸುಳ್ಳಾಗುತ್ತದೆ. ‘2013ರಿಂದ’ ಎಂದು ಬರೆದರೆ ಹಳೆಯ ಸಂಚಿಕೆಯಲ್ಲೂ ಸರಿಯಾಗಿಯೇ ಇರುತ್ತದೆ. ಆದರೆ ಆ ವರ್ಷಗಳಲ್ಲಿ ನೀರಾವರಿಯ ಬೀಟ್ ಎಷ್ಟು ಕಾಲ ಎಂಬುದೇ ಮುಖ್ಯ ಪ್ರಶ್ನೆ. ಮೊದಲ ನಾಲ್ಕು ವರ್ಷ ಡೆಸ್ಕಿನಲ್ಲಿ ಕಳೆದಿದ್ದರೆ ಲೆಕ್ಕ 2017ರಿಂದ ಶುರುವಾಗಬೇಕು. ಸಂಗೀತ, ಪ್ರವಾಸ ಹೋದರೆ ಯಾರೂ ಹುಡುಕುವುದಿಲ್ಲ.

ತಿದ್ದಿದ ಮೇಲೆ ಉಳಿಯುವುದು: ‘2017ರಿಂದ ಮಂಡ್ಯ ಜಿಲ್ಲೆಯ ನೀರಾವರಿ ಮತ್ತು ಕಬ್ಬು ಬೆಳೆಯ ವರದಿಗಾರ್ತಿ. ನಾಲೆ ಆಧುನೀಕರಣದ ಕುರಿತು 2022ರಲ್ಲಿ ಆರು ಕಂತಿನ ಸರಣಿ ಬರೆದಿದ್ದಾರೆ. ಇವರ ಕುಟುಂಬಕ್ಕೆ ಇದೇ ನಾಲೆಯ ಅಚ್ಚುಕಟ್ಟಿನಲ್ಲಿ ಎರಡು ಎಕರೆ ಗದ್ದೆಯಿದೆ.’

ಮೊದಲ ಸಾಲು ಬೀಟ್ ಮತ್ತು ಕಾಲವನ್ನು ಹೇಳುತ್ತದೆ. ಎರಡನೆಯದು ಓದುಗರು ಹುಡುಕಿ ಓದಬಹುದಾದ ಒಂದು ಕೆಲಸವನ್ನು ತೋರಿಸುತ್ತದೆ. ಗದ್ದೆಯ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ನಂಬಿಕೆ ಹೋಗುತ್ತದೆಂಬ ಭಯ. ಲೇಖಕಿಯೇ ಹೇಳಿದರೆ ಅದೊಂದು ಮಾಹಿತಿ. ಊರಿನವರು ಪತ್ರ ಬರೆದು ತಿಳಿಸಿದರೆ ಅದು ಹಗರಣ. ವರದಿಯ ವಿಷಯಕ್ಕೂ ತಮಗೂ ಹಣದ ನಂಟಿದ್ದರೆ ಎರಡರಲ್ಲಿ ಒಂದು ಸಾಲು ಅದಕ್ಕೇ ಹೋದರೂ ನಷ್ಟವಿಲ್ಲ.

ಒಂದು ಮಿತಿಯಿದೆ. ಎಂಥ ಒಳ್ಳೆಯ ಪರಿಚಯವೂ ಲೇಖನ ಸರಿಯಿದೆಯೆಂದು ಸಾಬೀತು ಮಾಡಲಾರದು. ಲಂಡನ್ನಿನ ‘ದಿ ಎಕನಾಮಿಸ್ಟ್’ ತನ್ನ ಬಹುತೇಕ ಬರಹಗಳಿಗೆ ಹೆಸರನ್ನೇ ಹಾಕುವುದಿಲ್ಲ. ಅಲ್ಲಿ ಹೊಣೆ ಪತ್ರಿಕೆಯದ್ದು. ಹೆಸರು ಹಾಕಿದ ಮೇಲಾದರೋ, ಅದರ ಹಿಂದೆ ಯಾರಿದ್ದಾರೆಂದು ಹೇಳದೆ ವಿಧಿಯಿಲ್ಲ.

ಚೆನ್ನಾಗಿ ಬರೆದ ಪರಿಚಯ ನೋಡಬೇಕೆಂದರೆ ಗ್ರಾಮೀಣ ಭಾರತದ ವರದಿಗಳನ್ನು ಕನ್ನಡದಲ್ಲೂ ಪ್ರಕಟಿಸುವ ‘ಪರಿ’ಗೆ ಹೋಗಬಹುದು. ಅಲ್ಲಿ ಅನುವಾದಕರಿಗೂ ಪುಟ್ಟ ಪರಿಚಯ ಇರುತ್ತದೆ. ಅದರ ಸ್ಥಾಪಕ ಸಂಪಾದಕ ಪಿ. ಸಾಯಿನಾಥ್ ಅವರದ್ದು ಎರಡೇ ವಾಕ್ಯ: ಮಾಡುವ ಕೆಲಸ, ದಶಕಗಳ ಗ್ರಾಮೀಣ ವರದಿಗಾರಿಕೆ, ಬರೆದ ಎರಡು ಪುಸ್ತಕಗಳ ಹೆಸರು. 2007ರಲ್ಲಿ ಅವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿ ಅದರಲ್ಲಿ ಇಲ್ಲ.