ಜಾಮ್‌ ಮೇಲಿನ ಬೂಷ್ಟು ಕೆತ್ತಿದರೆ ಸಾಲದು

ಮನೆಯಲ್ಲೇ ಮಾಡಿದ ಸೇಬಿನ ಜಾಮ್‌. ಮುಚ್ಚಳ ತೆಗೆದರೆ ಮೇಲೆ ಎಂಟಾಣೆಯಗಲ ಬೂದು-ಹಸಿರು ಬೂಷ್ಟು. ಚಮಚದಲ್ಲಿ ಅಷ್ಟನ್ನು ಎತ್ತಿ ಬಿಸಾಡಿ, ಉಳಿದದ್ದನ್ನು ಬ್ರೆಡ್‌ಗೆ ಸವರುವವರೇ ಹೆಚ್ಚು. ಇಷ್ಟೊಂದು ಸಕ್ಕರೆಯಲ್ಲಿ ಏನೂ ಕೆಡುವುದಿಲ್ಲ ಎಂಬ ನಂಬಿಕೆ.

ಆ ನಂಬಿಕೆ ಅರ್ಧ ಸರಿ. ಸರಿಯಾಗಿ ಕಾಯಿಸಿದ ಜಾಮ್‌ನಲ್ಲಿ ನೂರಕ್ಕೆ ಸುಮಾರು 65 ಪಾಲು ಸಕ್ಕರೆಯೇ ಇರುತ್ತದೆ. ಅದು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬ್ಯಾಕ್ಟೀರಿಯಾಗಳಿಗೆ ಬೆಳೆಯಲು ಬೇಕಾದಷ್ಟು ನೀರು ಸಿಗುವುದಿಲ್ಲ. ಬೂಷ್ಟಿಗೆ ಮಾತ್ರ ಚೂರೇ ಚೂರು ತೇವ ಸಾಕು; ಹಣ್ಣಿನ ಹುಳಿಯೂ ಅದಕ್ಕೆ ಅಡ್ಡಿಯಲ್ಲ. ಬೇಕಾದ ಗಾಳಿ ಬಾಟಲಿಯ ಕತ್ತಿನಲ್ಲೇ ಇರುತ್ತದೆ. ಮುಚ್ಚಳದ ಒಳಮೈಯಲ್ಲಿ ಹಬೆ ತಣಿದು ಹನಿಯಾಗಿ ಬಿದ್ದ ಜಾಗದಲ್ಲಿ ಸಕ್ಕರೆ ತೆಳುವಾಗುತ್ತದೆ. ಬೂಷ್ಟು ಅಂಥ ಕಡೆಯೇ ಮೊದಲು ಕಾಣಿಸಿಕೊಳ್ಳುವುದು. ಒದ್ದೆ ಚಮಚ, ಬ್ರೆಡ್ಡಿನ ಪುಡಿಯೂ ಇದೇ ಕೆಲಸ ಮಾಡುತ್ತವೆ.

ನಮಗೆ ಕಾಣುವ ಹಸಿರು ಅದರ ಬೀಜಕಣಗಳ ಬಣ್ಣ. ಅದರ ಕೆಳಗೆ ಮತ್ತು ಸುತ್ತ ಬಣ್ಣವಿಲ್ಲದ ಎಳೆಗಳು ಆಗಲೇ ಇಳಿದಿರುತ್ತವೆ. ಎಷ್ಟು ದೂರ ಎಂಬುದನ್ನು ಕಣ್ಣು ಹೇಳಲಾರದು. ಕ್ಯಾರೆಟ್ಟಿನಂಥ ಗಟ್ಟಿ ಪದಾರ್ಥದಲ್ಲಿ ಎಳೆ ಬೇಗ ಒಳಹೋಗದು, ಹಾಗಾಗಿ ಸುತ್ತ ಒಂದಿಂಚು ಕತ್ತರಿಸಿ ಉಳಿದದ್ದನ್ನು ಬಳಸಬಹುದು. ಮೆತ್ತನೆಯ ಜಾಮ್‌ಗೆ ಆ ಲೆಕ್ಕ ಹೊಂದುವುದಿಲ್ಲ.

ಎಳೆಗಿಂತ ಕೆಟ್ಟದ್ದು ಅದು ಬಿಡುವ ವಿಷ. ಎಲ್ಲ ಬೂಷ್ಟೂ ವಿಷ ಮಾಡುವುದಿಲ್ಲ ನಿಜ, ಆದರೆ ಯಾವುದು ಮಾಡುತ್ತದೆಂದು ಬಣ್ಣ ನೋಡಿ ಗುರುತಿಸಲಾಗದು. ಕೊಳೆತ ಸೇಬಿನ ಮೇಲೆ ಬರುವ ಪೆನಿಸಿಲಿಯಂ ಎಕ್ಸ್‌ಪಾನ್ಸಮ್ ಎಂಬ ಶಿಲೀಂಧ್ರ ಪ್ಯಾಟುಲಿನ್ ಎಂಬ ವಿಷವನ್ನು ತಯಾರಿಸುತ್ತದೆ. ಇದು ನೀರಿನಲ್ಲಿ ಕರಗುತ್ತದೆ, ಹುಳಿಯಲ್ಲಿ ಕೆಡದೆ ಉಳಿಯುತ್ತದೆ. ಜಾಮನ್ನು ಮತ್ತೆ ಕುದಿಸಿದರೆ ಬೂಷ್ಟು ಸಾಯಬಹುದು, ವಿಷ ಪೂರ್ತಿ ಹೋಗುವುದಿಲ್ಲ. ಕೊಳೆತ ಭಾಗವಿದ್ದ ಹಣ್ಣನ್ನೇ ಜಾಮ್‌ಗೆ ಹಾಕಿದ್ದರೆ, ಬೂಷ್ಟು ಕಾಣುವ ಮೊದಲೇ ಅದು ಒಳಗೆ ಸೇರಿರಲೂ ಸಾಧ್ಯ.

ಕಲಸಿಬಿಡುವುದಂತೂ ಕೆತ್ತುವುದಕ್ಕಿಂತ ದಡ್ಡತನ. ಒಂದು ಕಡೆ ಇದ್ದ ಬೀಜಕಣ, ವಿಷ ಎರಡೂ ಬಾಟಲಿ ತುಂಬ ಹರಡುತ್ತವೆ, ಎಚ್ಚರಿಸುತ್ತಿದ್ದ ಹಸಿರು ಕಲೆ ಮಾಯವಾಗುತ್ತದೆ. ಇನ್ನೊಂದು ತೊಂದರೆಯೂ ಇದೆ: ಕೆಲವು ಬೂಷ್ಟುಗಳು ಜಾಮ್‌ನ ಹುಳಿಯನ್ನೇ ತಿಂದು ಕಡಿಮೆ ಮಾಡುತ್ತವೆ, ಆಗ ಅಲ್ಲಿಯವರೆಗೆ ಹುಳಿ ತಡೆದಿದ್ದ ಬೇರೆ ಸೂಕ್ಷ್ಮಜೀವಿಗಳಿಗೂ ದಾರಿಯಾಗುತ್ತದೆ.

ಬೂಷ್ಟು ಕಂಡ ಬಾಟಲಿಯನ್ನು ಮೂಸಿ ನೋಡಬೇಡಿ. ಮುಚ್ಚಳ ಹಾಕಿ, ಕವರಿನಲ್ಲಿ ಸುತ್ತಿ ಎಸೆಯಿರಿ. ಮುಂದಿನ ಸಲ ಬಾಟಲಿಗಳನ್ನು 10 ನಿಮಿಷ ಕುದಿಯುವ ನೀರಿನಲ್ಲಿಟ್ಟು, ಜಾಮ್‌ ಬಿಸಿ ಇರುವಾಗಲೇ ಮೇಲೆ ಕಾಲಿಂಚಷ್ಟೇ ಜಾಗ ಬಿಟ್ಟು ತುಂಬಿ. ಸಕ್ಕರೆ ಕಡಿಮೆ ಹಾಕಿದ್ದರೆ ಅದು ಫ್ರಿಜ್ಜಿನಲ್ಲೇ ಇರಲಿ, ಸಣ್ಣ ಬಾಟಲಿಗಳಲ್ಲಿ.