ಮಂಡಿಯೊಳಗಿನ ಹಗ್ಗ ಹರಿದಾಗ

ಫುಟ್‌ಬಾಲ್ ಆಟದಲ್ಲಿ ಕಾಲಿಗೆ ಪೆಟ್ಟಾಗುವುದು ಎದುರಾಳಿ ಒದ್ದಾಗ ಎಂಬುದು ಪ್ರೇಕ್ಷಕರ ಸಾಮಾನ್ಯ ನಂಬಿಕೆ. ಆದರೆ ಆಟಗಾರನನ್ನು ಒಂದು ವರ್ಷದವರೆಗೂ ಮೈದಾನದಿಂದ ಹೊರಗಿಡುವ ಗಾಯ ಹೆಚ್ಚಿನ ವೇಳೆ ಯಾರೂ ಮಂಡಿಯನ್ನು ಮುಟ್ಟದೆಯೇ ಆಗುತ್ತದೆ.

ಮಂಡಿಯ ನಡುವೆ ಎರಡು ಅಸ್ಥಿರಜ್ಜುಗಳು ಕತ್ತರಿಯಂತೆ ಒಂದನ್ನೊಂದು ಅಡ್ಡಹಾಯುತ್ತವೆ. ಮುಂದಿನದಕ್ಕೆ ಮುಂಭಾಗದ ಕ್ರೂಸಿಯೇಟ್ ಲಿಗಮೆಂಟ್ ಎಂದು ಹೆಸರು. ಮಂಡಿಯ ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಚಿಕೊಳ್ಳದಂತೆ ಹಿಡಿಯುವುದು ಇದರ ಕೆಲಸ. ನೇರವಾಗಿ ನಡೆಯುವಾಗ ಇದರ ಮೇಲೆ ಹೆಚ್ಚಿನ ಭಾರವಿಲ್ಲ. ಓಡುತ್ತಾ ಥಟ್ಟನೆ ದಿಕ್ಕು ಬದಲಿಸುವಾಗ ಅಥವಾ ಹೆಡ್ ಮಾಡಲು ಜಿಗಿದು ಒಂದೇ ಕಾಲಿನ ಮೇಲೆ ಇಳಿಯುವಾಗ ಇದರ ಪರೀಕ್ಷೆ ನಡೆಯುತ್ತದೆ.

ಚೆಂಡಿನೊಂದಿಗೆ ಬರುತ್ತಿರುವ ಎದುರಾಳಿಯನ್ನು ತಡೆಯಲು ನುಗ್ಗುವ ರಕ್ಷಕನನ್ನು ಕಲ್ಪಿಸಿಕೊಳ್ಳಿ. ಎದುರಾಳಿ ಎಡಕ್ಕೆಂದು ತೋರಿಸಿ ಬಲಕ್ಕೆ ಹೊರಳುತ್ತಾನೆ. ರಕ್ಷಕನೂ ತಿರುಗಲು ಪಾದವನ್ನು ದೂರ ಚಾಚಿ ಊರುತ್ತಾನೆ. ಬೂಟಿನ ಮುಳ್ಳುಗಳು ನೆಲವನ್ನು ಕಚ್ಚಿಕೊಳ್ಳುತ್ತವೆ, ಮಂಡಿ ಹೆಚ್ಚುಕಡಿಮೆ ನೆಟ್ಟಗಿರುತ್ತದೆ, ಮುಂಡ ಮಾತ್ರ ಇನ್ನೊಂದು ಬದಿಗೆ ವಾಲಿರುತ್ತದೆ. ಆಗ ಮಂಡಿ ಒಳಕ್ಕೆ ಕುಸಿಯುತ್ತದೆ. ತೊಡೆಯ ಮುಂಭಾಗದ ಬಲಿಷ್ಠ ಸ್ನಾಯು ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತದೆ. ಅದನ್ನು ಹಿಂದಕ್ಕೆ ಹಿಡಿಯಬೇಕಾದ ತೊಡೆಯ ಹಿಂಭಾಗದ ಸ್ನಾಯುವಿಗೆ ಮಂಡಿ ನೆಟ್ಟಗಿದ್ದಾಗ ಹಿಡಿತ ಸಿಗುವುದಿಲ್ಲ. ಪಾದ ನೆಲ ಮುಟ್ಟಿದ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಕಾಲದಲ್ಲಿ ರಜ್ಜು ಹರಿದಿರುತ್ತದೆ. ಮೆದುಳು ಎಚ್ಚೆತ್ತು ಕಾಲನ್ನು ಸರಿಪಡಿಸಲು ಅಷ್ಟು ಹೊತ್ತು ಸಾಲದು. ಮಹಿಳಾ ಆಟಗಾರರಲ್ಲಿ ಈ ಗಾಯದ ಸಂಭವ ಪುರುಷರಿಗಿಂತ ಎರಡು ಮೂರು ಪಟ್ಟು ಹೆಚ್ಚು.

ಮೋಸಗೊಳಿಸುವ ಗುಣ

ಗಾಯವಾದ ಕ್ಷಣದಲ್ಲಿ ಅನೇಕರಿಗೆ 'ಟಕ್' ಎಂಬ ಸದ್ದು ಕೇಳಿಸುತ್ತದೆ. ಕೆಲವೇ ಗಂಟೆಗಳಲ್ಲಿ ಮಂಡಿಯೊಳಗೆ ರಕ್ತ ತುಂಬಿ ಊದಿಕೊಳ್ಳುತ್ತದೆ. ಮರುದಿನ ನಿಧಾನವಾಗಿ ಬರುವ ಊತಕ್ಕಿಂತ ಈ ಬೇಗನೆ ಬರುವ ಊತವನ್ನು ವೈದ್ಯರು ಹೆಚ್ಚು ಗಂಭೀರವಾಗಿ ಪರಿಗಣಿಸುತ್ತಾರೆ. ಎಕ್ಸ್‌ರೇಯಲ್ಲಿ ರಜ್ಜು ಕಾಣುವುದಿಲ್ಲ. 'ಮೂಳೆಗೆ ಏನೂ ಆಗಿಲ್ಲ' ಎಂಬ ಮಾತು ಸಮಾಧಾನಕ್ಕೆ ಸಾಲದು. ಮಂಡಿಯನ್ನು ಸ್ವಲ್ಪ ಮಡಿಸಿ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದು ನೋಡುವ ಲ್ಯಾಕ್‌ಮನ್ ಪರೀಕ್ಷೆಯಿಂದ ನುರಿತ ವೈದ್ಯರಿಗೆ ವಿಷಯ ತಿಳಿಯುತ್ತದೆ. ಎಂ.ಆರ್.ಐ. ಅದನ್ನು ಖಚಿತಪಡಿಸುತ್ತದೆ.

ಕೆಲವು ವಾರಗಳಲ್ಲಿ ಊತ ಇಳಿದು ನಡಿಗೆ ಸರಾಗವಾಗುತ್ತದೆ. ಉಳುಕು ವಾಸಿಯಾಯಿತೆಂದು ಆಟಗಾರ ಮತ್ತೆ ಮೈದಾನಕ್ಕಿಳಿಯುವುದು ಈ ಹಂತದಲ್ಲೇ. ಮೊದಲ ತಿರುವಿನಲ್ಲೇ ಮಂಡಿ ಕೈಕೊಡುತ್ತದೆ. ಹಾಗೆ ಕುಸಿದಾಗಲೆಲ್ಲ ಮೂಳೆಗಳ ನಡುವಿನ ಮೆನಿಸ್ಕಸ್ ಎಂಬ ಮೆತ್ತೆಯೂ ಹರಿಯಬಹುದು. ಮುಂದೆ ಸಂಧಿವಾತಕ್ಕೆ ಅದೇ ದಾರಿ.

ತಿಂಗಳುಗಳೇಕೆ ಬೇಕು?

2022ರ ಜುಲೈ 5ರಂದು, ಯೂರೋ ಪಂದ್ಯಾವಳಿ ಆರಂಭವಾಗುವ ಮುನ್ನಾದಿನ, ಸ್ಪೇನ್ ಮಹಿಳಾ ತಂಡದ ಅಲೆಕ್ಸಿಯಾ ಪುತೆಯಾಸ್ ಅವರ ಎಡ ಮಂಡಿಯ ಇದೇ ರಜ್ಜು ಅಭ್ಯಾಸದ ವೇಳೆ ಹರಿಯಿತು. ಒಂದು ವಾರದಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಅವರು ಮತ್ತೆ ಪಂದ್ಯವಾಡಿದ್ದು 2023ರ ಏಪ್ರಿಲ್ 30ರಂದು.

ಹರಿದ ರಜ್ಜನ್ನು ಸಾಮಾನ್ಯವಾಗಿ ಹೊಲಿಯುವುದಿಲ್ಲ. ಮಂಡಿಚಿಪ್ಪಿನ ಕೆಳಗಿನ ಅಥವಾ ತೊಡೆಯ ಹಿಂಭಾಗದ ಸ್ನಾಯುರಜ್ಜುವಿನ ತುಂಡನ್ನು ತೆಗೆದು, ಮೂಳೆಗಳಲ್ಲಿ ಕೊರೆದ ಸುರಂಗಗಳ ಮೂಲಕ ಹಾಯಿಸಿ ಬಿಗಿಯುತ್ತಾರೆ. ಈ ಕಸಿಗೆ ಆರಂಭದಲ್ಲಿ ರಕ್ತಪೂರೈಕೆ ಇರುವುದಿಲ್ಲ. ಅದರ ಜೀವಕೋಶಗಳು ಸಾಯುತ್ತವೆ. ಬಳಿಕ ಹೊಸ ರಕ್ತನಾಳಗಳೂ ಕೋಶಗಳೂ ಬೆಳೆದು ಅದನ್ನು ನಿಧಾನವಾಗಿ ರಜ್ಜುವಾಗಿ ಮಾರ್ಪಡಿಸುತ್ತವೆ. ಎರಡು ಮೂರು ತಿಂಗಳ ಹೊತ್ತಿಗೆ, ರೋಗಿಗೆ ನೋವು ಹೋಗಿ ಉತ್ಸಾಹ ಬರುವ ವೇಳೆಗೆ, ಕಸಿ ಹಾಕಿದ ದಿನಕ್ಕಿಂತಲೂ ದುರ್ಬಲವಾಗಿರುತ್ತದೆ!

ಮೊದಲ ವಾರಗಳಲ್ಲಿ ಮಂಡಿಯನ್ನು ಪೂರ್ತಿ ನೆಟ್ಟಗೆ ಮಾಡುವುದೇ ದೊಡ್ಡ ಕೆಲಸ. ಆಗ ಬಾರದ ನೇರತನವನ್ನು ಮುಂದೆ ತರುವುದು ಕಷ್ಟ. ಮೂರು ನಾಲ್ಕು ತಿಂಗಳಿಗೆ ನೇರ ಓಟ, ಆರರ ಸುಮಾರಿಗೆ ತಿರುವುಗಳ ಅಭ್ಯಾಸ, ಪಂದ್ಯ ಒಂಬತ್ತು ತಿಂಗಳಿಗೆ ಮೊದಲು ಬೇಡ. ಅಷ್ಟಾದರೂ ಕ್ಯಾಲೆಂಡರ್ ನೋಡಿ ಕಣಕ್ಕಿಳಿಸುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಗಾಯಗೊಂಡ ಕಾಲಿನ ಬಲ ಇನ್ನೊಂದರ ಶೇ 90ರಷ್ಟಾದರೂ ಇರಬೇಕೆಂಬುದು ವಾಡಿಕೆಯ ಅಳತೆ. ಅದರಲ್ಲೂ ಒಂದು ಮೋಸವಿದೆ. ತಿಂಗಳುಗಟ್ಟಲೆ ಆಟವಿಲ್ಲದೆ ಒಳ್ಳೆಯ ಕಾಲೂ ಸೊರಗಿರುತ್ತದೆ. ಹಾಗಾಗಿ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಆ ಕಾಲಿನ ಬಲವನ್ನು ಅಳೆದಿಡುವುದು ಮೇಲು. ಆಟಕ್ಕೆ ಮರಳಿದ ಇಪ್ಪತ್ತೈದರೊಳಗಿನವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ಮಂಡಿಯಲ್ಲೋ ಆ ಮಂಡಿಯಲ್ಲೋ ರಜ್ಜು ಮತ್ತೆ ಹರಿಯುತ್ತದೆ.

ಪುತೆಯಾಸ್ 2023ರ ಆಗಸ್ಟ್‌ನಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಅದೇ ಡಿಸೆಂಬರ್‌ನಲ್ಲಿ ಅದೇ ಮಂಡಿಗೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಯಿತು. 2024ರ ಮೇ ತಿಂಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬದಲಿ ಆಟಗಾರ್ತಿಯಾಗಿ ಬಂದು ಗೋಲು ಹೊಡೆಯುವ ವೇಳೆಗೆ ಮೊದಲ ಗಾಯಕ್ಕೆ ಎರಡು ವರ್ಷ ಸಮೀಪಿಸಿತ್ತು.