ಹಳ್ಳದ ಬದಿಯ ಹೊಲ ಎಷ್ಟು ಗುಂಟೆ?

ಹೊಲದ ಒಂದು ಬದಿಗೆ ಹಳ್ಳ ಹರಿಯುತ್ತಿದ್ದರೆ ಅಂಚು ನೇರವಾಗಿರುವುದಿಲ್ಲ. ಆಗ ಎದುರಿನ ನೇರ ಬದುವಿನ ಗುಂಟ ಹಗ್ಗ ಎಳೆದು, ಅದರಿಂದ ಹಳ್ಳದ ಅಂಚಿಗೆ ಲಂಬವಾಗಿ ಅಳೆಯುತ್ತಾರೆ. ಅಂಚು ತಿರುಗುವ ಕಡೆಯೆಲ್ಲ ಅಳತೆ ಬೇಕು. ಹಾಗಾಗಿ ಅಳತೆಗಳ ನಡುವಿನ ಅಂತರ ಸಮವಾಗಿರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಹಗ್ಗದ ಮೇಲೆ 0, 30, 40, 45, 60 ಮೀಟರಿನಲ್ಲಿ ಸಿಕ್ಕ ಅಗಲ ಕ್ರಮವಾಗಿ 8, 12, 20, 26, 14 ಮೀಟರ್. ಐದರ ಸರಾಸರಿ 16, ಅದನ್ನು 60ರಿಂದ ಗುಣಿಸಿದರೆ 960 ಚದರ ಮೀಟರ್. ಈ ಲೆಕ್ಕ ತಪ್ಪು. ಹೊಲ ಅಗಲವಾಗಿರುವ ತಿರುವಿನಲ್ಲೇ ಅಳತೆಗಳು ಒತ್ತೊತ್ತಾಗಿವೆ; ಸರಾಸರಿ ಆ ಚಿಕ್ಕ ಭಾಗಕ್ಕೆ ಸಲ್ಲದ ತೂಕ ಕೊಡುತ್ತದೆ.

ಸರಿಯಾದ ದಾರಿ, ಪಕ್ಕಪಕ್ಕದ ಎರಡು ಅಳತೆಗಳ ನಡುವಿನ ತುಂಡನ್ನು ಒಂದೊಂದು ತ್ರಾಪಿಜ್ಯವೆಂದು ಹಿಡಿಯುವುದು. ಮೊದಲ ತುಂಡಿನಲ್ಲಿ 8 ಮತ್ತು 12ರ ಸರಾಸರಿ 10, ಉದ್ದ 30, ವಿಸ್ತೀರ್ಣ 300. ಉಳಿದವು ಇದೇ ರೀತಿ 160, 115, 300. ಒಟ್ಟು 875 ಚದರ ಮೀಟರ್, ಅಂದರೆ ಸುಮಾರು 8.65 ಗುಂಟೆ. ಸರಾಸರಿಯ ಲೆಕ್ಕದಲ್ಲಿ ಮುಕ್ಕಾಲು ಗುಂಟೆಗೂ ಹೆಚ್ಚು ನೆಲ ಸುಮ್ಮನೆ ಸೇರಿಕೊಂಡಿತ್ತು!

ಎರಡು ಅಳತೆಗಳ ನಡುವೆ ಅಂಚು ಹೊರಕ್ಕೆ ಉಬ್ಬಿದ್ದರೆ ಉತ್ತರ ಕಡಿಮೆ ಬರುತ್ತದೆ, ಒಳಕ್ಕೆ ಬಾಗಿದ್ದರೆ ಹೆಚ್ಚು. ಅಂಥಲ್ಲಿ ಇನ್ನೊಂದು ಅಳತೆ ತೆಗೆಯಿರಿ. ಗುಣಿಸುವಾಗ ಹಗ್ಗದ ಮೊದಲಿನಿಂದ ಇರುವ ದೂರವನ್ನಲ್ಲ, ತುಂಡಿನ ಉದ್ದವನ್ನೇ ಬಳಸಿ. ಎಲ್ಲ ತುಂಡುಗಳ ಉದ್ದ ಕೂಡಿದರೆ ಇಲ್ಲಿ 60 ಬರಲೇಬೇಕು.